ಯಾರೂ ಕೇಳದ ಮಳೆ ಲೆಕ್ಕ: ಮೀಮ್‌ನ ಎರಡು ಅಚ್ಚುಗಳ ಬಗ್ಗೆ

ಹಾಸನದಲ್ಲಿ ಪದವಿ ವಿದ್ಯಾರ್ಥಿಗಳ ಎದುರು ಆಡಿದ ಮಾತು. ಧ್ವನಿಮುದ್ರಣದಿಂದ ಬರಹಕ್ಕೆ ಇಳಿಸಿದ್ದು.

ನಮ್ಮ ಚಿಕ್ಕಪ್ಪನಿಗೆ ಸಕಲೇಶಪುರದ ಹತ್ತಿರ ಕಾಫಿ ತೋಟ ಇದೆ. ನಿಮ್ಮಲ್ಲಿ ತೋಟದ ಮನೆಯವರು ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ. ಸರಿ, ಹಾಗಾದರೆ ಅರ್ಧ ಕೆಲಸ ಆಯ್ತು. ಉಳಿದವರಿಗೆ ಹೇಳುತ್ತೇನೆ. ತೋಟದವರು ಮಳೆಯನ್ನು ಇಂಚು ಮತ್ತು ಸೆಂಟ್ಸ್ ಲೆಕ್ಕದಲ್ಲಿ ಹೇಳುತ್ತಾರೆ. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು. ಮನೆಯ ಮುಂದೆ ರೇನ್ ಗೇಜ್ ಇಟ್ಟಿರುತ್ತಾರೆ. ಬೆಳಿಗ್ಗೆ ಎದ್ದು ಅದನ್ನು ನೋಡಿ ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ನಮ್ಮ ಚಿಕ್ಕಪ್ಪ ಬರೆದಿಟ್ಟು ಸುಮ್ಮನಾಗುವುದಿಲ್ಲ. ಅದನ್ನು ಹೇಳುತ್ತಾರೆ. ಯಾರ ಹತ್ತಿರ ಬೇಕಾದರೂ, ಎಲ್ಲಿ ಬೇಕಾದರೂ ಹೇಳುತ್ತಾರೆ.

ಒಂದು ಸಲ ನಮ್ಮ ಮನೆಯಲ್ಲಿ ನಾಮಕರಣ. ಮಗುವಿನ ಕಿವಿಯಲ್ಲಿ ಹೆಸರು ಹೇಳಿ ಆಗಿತ್ತು. ಮಗು ಅಳುತ್ತದೋ ಇಲ್ಲವೋ ಅಂತ ಎಲ್ಲರೂ ತೊಟ್ಟಿಲನ್ನೇ ನೋಡುತ್ತಾ ನಿಂತಿದ್ದೆವು. ಒಂದು ಗಳಿಗೆ ಯಾರದೂ ಮಾತಿಲ್ಲ. ಆಗ ಹಿಂದಿನಿಂದ ಚಿಕ್ಕಪ್ಪನ ದನಿ ಕೇಳಿಸಿತು: ‘ನಮ್ಮಲ್ಲಿ ನಿನ್ನೆ ಒಂದಿಂಚು ಇಪ್ಪತ್ತು ಸೆಂಟ್ಸ್.’

ಆ ಸಂಜೆ ಮನೆಯ ವಾಟ್ಸಾಪ್ ಗುಂಪಿನಲ್ಲಿ ನನ್ನ ತಂಗಿ, ಇಂಟರ್ನೆಟ್ಟಿನಲ್ಲಿ ಓಡಾಡುವ ಒಂದು ಮೀಮ್‌ನ ಅಚ್ಚಿನಲ್ಲಿ, ಮೂರು ಸಾಲು ಹಾಕಿದಳು.

ನೋಬಡಿ:
ಆಬ್ಸಲ್ಯೂಟ್ಲಿ ನೋಬಡಿ:
ಚಿಕ್ಕಪ್ಪ: ಒಂದಿಂಚು ಇಪ್ಪತ್ತು ಸೆಂಟ್ಸ್.

ಎಲ್ಲರೂ ನಕ್ಕರು. ಚಿಕ್ಕಪ್ಪನೂ ನಕ್ಕರು. ಮಾರನೇ ದಿನ ನಾನು ಇದನ್ನೇ ನಮ್ಮ ಜೊತೆ ಕೆಲಸ ಮಾಡುವ ಒಬ್ಬರಿಗೆ ಹೇಳಿದೆ. ‘ಯಾರೂ ಕೇಳದಿದ್ದರೂ ನಮ್ಮ ಚಿಕ್ಕಪ್ಪ ಮಳೆ ಲೆಕ್ಕ ಹೇಳುತ್ತಾರೆ’ ಅಂದೆ. ಅವರು ತಲೆದೂಗಿದರು. ‘ವಯಸ್ಸಾದವರು ಹಾಗೇ ಅಲ್ವಾ’ ಅಂದರು. ನನ್ನ ಮಾತು ಅವರಿಗೆ ದೂರಿನ ಹಾಗೆ ಕೇಳಿಸಿತ್ತು. ತಂಗಿ ಹೇಳಿದ್ದೂ ನಾನು ಹೇಳಿದ್ದೂ ಒಂದೇ ವಿಷಯ. ಅಲ್ಲಿ ನಗು ಬಂತು, ಇಲ್ಲಿ ಬರಲಿಲ್ಲ. ನಾನು ಇವತ್ತು ಮಾತಾಡುವುದು ಈ ವ್ಯತ್ಯಾಸದ ಬಗ್ಗೆ, ಇಂಥ ಎರಡು ಅಚ್ಚುಗಳನ್ನು ಇಟ್ಟುಕೊಂಡು.

ನನ್ನ ವಾಕ್ಯದಲ್ಲಿ ‘ಯಾರೂ ಕೇಳದಿದ್ದರೂ’ ಅಂತ ಇದೆ. ಅಂದರೆ ಮೌನ ಇತ್ತು ಎಂಬ ಸುದ್ದಿಯನ್ನು ನಾನು ಕೊಟ್ಟೆ. ತಂಗಿ ಸುದ್ದಿ ಕೊಡಲಿಲ್ಲ, ಮೌನವನ್ನೇ ಕಣ್ಣ ಮುಂದೆ ಇಟ್ಟಳು. ಹೇಗೆ ಇಟ್ಟಳು ನೋಡಿ. ಹೆಸರು ಬರೆದು, ಮುಂದೆ ಎರಡು ಚುಕ್ಕೆ ಹಾಕಿ, ಆಮೇಲೆ ಏನೂ ಬರೆಯಲಿಲ್ಲ. ನಾಟಕದ ಪುಸ್ತಕ ಓದಿದವರಿಗೆ ಆ ಎರಡು ಚುಕ್ಕೆಯ ಅರ್ಥ ಗೊತ್ತು. ಈಗ ಈ ಪಾತ್ರ ಮಾತಾಡುತ್ತದೆ ಅಂತ. ಕಣ್ಣು ಬಲಕ್ಕೆ ಹೋಗುತ್ತದೆ, ಮಾತು ಹುಡುಕುತ್ತದೆ. ಅಲ್ಲಿ ಮಾತಿಲ್ಲ. ಮಾತಾಡುವ ಸರದಿ ಕೊಟ್ಟಾಗಿದೆ, ಸರದಿ ಖಾಲಿ ಹೋಗಿದೆ. ನಾಮಕರಣದ ದಿನ ನಾವು ತೊಟ್ಟಿಲ ಮುಂದೆ ನಿಂತಿದ್ದ ಆ ಒಂದು ಗಳಿಗೆಯನ್ನು ಓದುವವರೂ ಈಗ ನಿಂತು ಅನುಭವಿಸುತ್ತಾರೆ.

ಎರಡನೇ ಸಾಲು ಯಾಕೆ ಬೇಕು? ಹಲವರು ಅದನ್ನು ಒತ್ತು ಕೊಡುವುದಕ್ಕೆ ಅಂತ ತಿಳಿದಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮೊದಲ ಸಾಲಿನ ಮುಂದೆ ಖಾಲಿ ಇದ್ದರೆ, ಬರೆಯುವುದಕ್ಕೆ ಮರೆತಿರಬಹುದು ಅಂತ ಅನ್ನಿಸಬಹುದು. ಎರಡನೇ ಸಲವೂ ಖಾಲಿ ಇದ್ದರೆ ಅದು ಮರೆವಲ್ಲ, ಬೇಕಂತಲೇ ಬಿಟ್ಟಿದ್ದು ಅಂತ ಗೊತ್ತಾಗುತ್ತದೆ. ಜೊತೆಗೆ ಮೌನ ಉದ್ದವಾಗುತ್ತದೆ. ಒಂದು ಖಾಲಿ ಸಾಲು ಉಸಿರಿನಷ್ಟು. ಎರಡು ಖಾಲಿ ಸಾಲು ನೋಡಿದಾಗ ‘ನಿಜವಾಗಲೂ ಯಾರೂ ಕೇಳಲಿಲ್ಲ’ ಅಂತ ನೀವೇ ಮನಸ್ಸಿನಲ್ಲಿ ಅಂದುಕೊಳ್ಳುತ್ತೀರಿ. ನಾನು ವಾಕ್ಯದಲ್ಲಿ ಹೇಳಿ ಕೆಡಿಸಿದ ಮಾತನ್ನು ಇಲ್ಲಿ ಓದುವವರೇ ಹೇಳಿಕೊಂಡರು.

ಮೂರು, ನಾಲ್ಕು, ಐದು ಖಾಲಿ ಸಾಲು ಹಾಕುವವರೂ ಇದ್ದಾರೆ. ಒಂದು ಜೀವವೂ ಇಲ್ಲ, ಬೀದಿ ನಾಯಿಯೂ ಇಲ್ಲ, ಗೋಡೆಯ ಹಲ್ಲಿಯೂ ಇಲ್ಲ ಅಂತ ಬೆಳೆಸುತ್ತಾರೆ. ಆಗ ನಗು ಆ ಪಟ್ಟಿಗೆ ಬರುತ್ತದೆ, ಕೊನೆಯ ಸಾಲಿಗೆ ಬರುವುದಿಲ್ಲ. ಅದೂ ಒಂದು ಬಗೆ. ಆದರೆ ಕೊನೆಯ ಸಾಲಿನಲ್ಲಿ ನಿಮ್ಮ ಚಿಕ್ಕಪ್ಪ ಇದ್ದರೆ ಎರಡು ಸಾಲು ಸಾಕು. ಮೂರನೆಯದಕ್ಕೆ ಬರುವಷ್ಟರಲ್ಲಿ ಓದುವವರ ಕಣ್ಣು ಕೊನೆಗೆ ಹಾರಿರುತ್ತದೆ. ಹಾರಿದರೆ ಮೌನ ಉಳಿಯುವುದಿಲ್ಲ.

ಇಲ್ಲಿ ಮೀಮ್ ಬಿಟ್ಟು ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಮಾತುಕತೆಯನ್ನು ಅಧ್ಯಯನ ಮಾಡುವವರಲ್ಲಿ ಇಮ್ಯಾನುಯೆಲ್ ಶೆಗ್ಲಾಫ್ ಮತ್ತು ಹಾರ್ವೆ ಸ್ಯಾಕ್ಸ್ ಅಂತ ಇಬ್ಬರು ಇದ್ದರು. ಜನ ಆಡುವ ಮಾತು ಜೋಡಿ ಜೋಡಿಯಾಗಿ ಬರುತ್ತದೆ ಅಂತ ಅವರು 1973ರಲ್ಲಿ ಬರೆದರು. ಪ್ರಶ್ನೆಗೆ ಉತ್ತರ, ಕರೆಗೆ ಓಗೊಡುವುದು, ನಮಸ್ಕಾರಕ್ಕೆ ನಮಸ್ಕಾರ. ನಮ್ಮ ಕಡೆ ‘ಊಟ ಆಯ್ತಾ?’ ಅಂದರೆ ‘ಆಯ್ತು, ನಿಮ್ಮದು?’ ಅನ್ನಲೇಬೇಕು. ಮೊದಲರ್ಧ ಬಂದ ಮೇಲೆ ಎರಡನೆಯದು ಬರದಿದ್ದರೆ ಎಲ್ಲರಿಗೂ ಇರಿಸುಮುರಿಸು. ಯಾಕೆ ಸುಮ್ಮನಿದ್ದಾರೆ, ಬೇಜಾರಾಯಿತಾ ಅಂತ ಯೋಚನೆ ಶುರುವಾಗುತ್ತದೆ.

ನೋಬಡಿ ಅಚ್ಚು ಇದನ್ನು ತಿರುಗಿಸಿ ಇಡುತ್ತದೆ. ಇಲ್ಲಿ ಎರಡನೇ ಅರ್ಧ ಇದೆ, ಮೊದಲನೆಯದು ಇಲ್ಲ. ‘ಒಂದಿಂಚು ಇಪ್ಪತ್ತು ಸೆಂಟ್ಸ್’ ಅನ್ನುವ ಮಾತನ್ನು ನೋಡಿ. ಅದು ಉತ್ತರದ ರೂಪದಲ್ಲೇ ಇದೆ. ‘ನಿಮ್ಮಲ್ಲಿ ಎಷ್ಟಾಯ್ತು?’ ಅಂತ ಯಾರೋ ಕೇಳಿದ್ದರೆ ಅದು ಸರಿಯಾದ ಉತ್ತರ. ಕೇಳಿದವರು ಇಲ್ಲ ಅಷ್ಟೇ. ಹಾಗಾಗಿ ಮೂರನೇ ಸಾಲು ಹೇಗಿರಬೇಕು ಅನ್ನುವುದಕ್ಕೆ ಒಂದು ಕಟ್ಟು ಇದೆ. ಅದು ಯಾರಾದರೂ ಕೇಳಬಹುದಾಗಿದ್ದ ಪ್ರಶ್ನೆಗೆ ಉತ್ತರದ ಹಾಗಿರಬೇಕು. ಇಲ್ಲವೇ ಯಾರಾದರೂ ಹೇಳಿ ಮಾಡಿಸಬೇಕಾದ ಕೆಲಸ ಆಗಿರಬೇಕು.

ಇಂಗ್ಲಿಷಿನಲ್ಲಿ ಈ ಅಚ್ಚು 2018ರ ಹೊತ್ತಿಗೆ ಟ್ವಿಟ್ಟರಿನಲ್ಲಿ ಜೋರಾಗಿ ಹರಡಿತು. ಹರಡಿದ ಮೇಲೆ ಕೆಟ್ಟಿತು. ಜನ ಎಲ್ಲದಕ್ಕೂ ಮೇಲೆ ಎರಡು ಖಾಲಿ ಸಾಲು ಅಂಟಿಸತೊಡಗಿದರು. ನಾನು ಕಂಡ ಒಂದು ಹೀಗಿತ್ತು.

ನೋಬಡಿ:
ಆಬ್ಸಲ್ಯೂಟ್ಲಿ ನೋಬಡಿ:
ನಾನು: ಹಸಿವಾಗಿ ಎರಡು ಪ್ಲೇಟ್ ಇಡ್ಲಿ ತಿಂದೆ.

ಇಲ್ಲಿ ಏನು ತಪ್ಪಾಗಿದೆ? ಹಸಿವಾದರೆ ತಿನ್ನುವುದಕ್ಕೆ ಯಾರೂ ಕೇಳಬೇಕಾಗಿಲ್ಲ. ಕೇಳದೆ ಇರುವುದೇ ಅಲ್ಲಿ ಸಹಜ. ಹಾಗಿರುವಾಗ ಆ ಮೌನದಲ್ಲಿ ವಿಶೇಷವಾದದ್ದು ಇಲ್ಲ. ಇದನ್ನು ಕಂಡುಹಿಡಿಯುವುದಕ್ಕೆ ಎರಡು ದಾರಿ ಇದೆ. ಒಂದು, ಮೂರನೇ ಸಾಲು ಓದಿ ‘ನಿನ್ನನ್ನ ಯಾರು ಕೇಳಿದರು?’ ಅಂದು ನೋಡಿ. ಇಡ್ಲಿ ತಿಂದವನಿಗೆ ಹಾಗೆ ಅಂದರೆ ಅರ್ಥವಿಲ್ಲ. ಚಿಕ್ಕಪ್ಪನಿಗೆ ಅಂದರೆ ಸರಿಯಾಗಿ ಕೂರುತ್ತದೆ. ಇನ್ನೊಂದು, ಮೇಲಿನ ಎರಡು ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿ. ಮುಚ್ಚಿದ ಮೇಲೂ ಅಷ್ಟೇ ನಗು ಬಂದರೆ, ಅಥವಾ ಮುಚ್ಚುವ ಮೊದಲೂ ಆಮೇಲೂ ನಗು ಬರದಿದ್ದರೆ, ಆ ಸಾಲುಗಳು ಬೇಕಿರಲಿಲ್ಲ. ಚಿಕ್ಕಪ್ಪನ ಮೀಮ್‌ನಲ್ಲಿ ಮುಚ್ಚಿ ನೋಡಿ. ಉಳಿಯುವುದು ಬರೀ ಹವಾಮಾನ ವರದಿ.

ಈಗ ಕನ್ನಡಕ್ಕೆ ಬರೋಣ. ನಾನು ಇದನ್ನು ತರಗತಿಯಲ್ಲಿ ಅಭ್ಯಾಸಕ್ಕೆ ಕೊಟ್ಟಿದ್ದೆ. ನೋಬಡಿ ಅಚ್ಚನ್ನು ಕನ್ನಡದಲ್ಲೇ ಮಾಡಿ ಅಂತ. ಹೆಚ್ಚಿನವರು ‘ಯಾರೂ ಇಲ್ಲ’ ಅಂತ ಬರೆದು ಎರಡು ಚುಕ್ಕೆ ಹಾಕಿದರು. ಓದಿದರೆ ಖಾಲಿ ಮನೆಯ ಹಾಗೆ ಅನ್ನಿಸುತ್ತದೆ. ನಾಮಕರಣದ ಮನೆಯಲ್ಲಿ ನಲವತ್ತು ಜನ ಇದ್ದರು. ಇದ್ದವರು ಕೇಳಲಿಲ್ಲ ಅನ್ನುವುದು ವಿಷಯ, ಜನ ಇರಲಿಲ್ಲ ಅನ್ನುವುದಲ್ಲ. ಇನ್ನು ಕೆಲವರು ‘ಯಾರೂ ಕೇಳಲಿಲ್ಲ’ ಅಂತ ಬರೆದರು. ಅದು ಮತ್ತೆ ನನ್ನ ವಾಕ್ಯವೇ ಆಯಿತು, ಸುದ್ದಿ.

ತೊಂದರೆ ಮಕ್ಕಳದ್ದಲ್ಲ, ಎರಡು ಭಾಷೆ ‘ಇಲ್ಲ’ವನ್ನು ಬೇರೆ ಬೇರೆ ಕಡೆ ಇಡುತ್ತವೆ. ಇಂಗ್ಲಿಷಿನ ನೋಬಡಿ ಒಂದು ಸರ್ವನಾಮ. ಇಲ್ಲ ಅನ್ನುವುದು ಆ ಪದದ ಹೊಟ್ಟೆಯಲ್ಲೇ ಇದೆ. ಹಾಗಾಗಿ ಅದನ್ನು ಪಾತ್ರದ ಹೆಸರಿನ ಹಾಗೆ ನಿಲ್ಲಿಸಬಹುದು. ಕನ್ನಡದ ‘ಯಾರೂ’ ಅನ್ನುವುದರಲ್ಲಿ ‘ಇಲ್ಲ’ ಇಲ್ಲ. ಅದು ಕ್ರಿಯಾಪದಕ್ಕೆ ಕಾಯುತ್ತದೆ. ಯಾರೂ ಬರಲಿಲ್ಲ, ಯಾರೂ ಕೇಳಲಿಲ್ಲ, ಯಾರೂ ಹೇಳಬೇಡಿ. ಕ್ರಿಯಾಪದ ಬರೆದರೆ ಮೌನ ಹೋಯಿತು, ಬರೆಯದಿದ್ದರೆ ಪದ ಕಾಲೂರುವುದಿಲ್ಲ.

‘ಯಾರೂ’ ಅಂತಷ್ಟೇ ಬರೆದು ಎರಡು ಚುಕ್ಕೆ ಹಾಕಬಹುದು. ಇಂಗ್ಲಿಷ್ ಅಚ್ಚು ಗೊತ್ತಿರುವವರಿಗೆ ಅದು ತಿಳಿಯುತ್ತದೆ. ಎರಡನೇ ಸಾಲಿಗೆ ನಮ್ಮಲ್ಲಿ ಒಳ್ಳೆಯ ಮಾತೇ ಇದೆ. ‘ಯಾರಂದ್ರೆ ಯಾರೂ’ ಅನ್ನುತ್ತೇವೆ ಅಲ್ವಾ? ಒಂದು ಅಭ್ಯಾಸದ ಹಾಳೆಯಲ್ಲಿ ‘ಒಂದು ನರಪಿಳ್ಳೆಯೂ’ ಅಂತ ಇತ್ತು. ಓದಿ ನನಗೆ ಬಹಳ ಖುಷಿಯಾಯಿತು. ನರಪಿಳ್ಳೆ ಅನ್ನುವ ಮಾತನ್ನು ನಾವು ಇಲ್ಲ ಅನ್ನುವುದರ ಜೊತೆಗೇ ಬಳಸುತ್ತೇವೆ. ‘ಬೀದಿಯಲ್ಲಿ ಒಂದು ನರಪಿಳ್ಳೆ ಇದೆ’ ಅಂತ ಯಾರೂ ಹೇಳುವುದಿಲ್ಲ. ಹಾಗಾಗಿ ಕ್ರಿಯಾಪದ ಬರೆಯದಿದ್ದರೂ ‘ಇಲ್ಲ’ ಕಿವಿಯಲ್ಲಿ ಕೇಳಿಸುತ್ತದೆ. ‘ಯಾರೂ’ ಕಾಲೂರದ ಕಡೆ ‘ನರಪಿಳ್ಳೆ’ ಕಾಲೂರುತ್ತದೆ.

ಇನ್ನೊಂದು ದಾರಿಯೂ ಇದೆ. ನನಗೆ ಇದೇ ಹೆಚ್ಚು ಇಷ್ಟ. ‘ಯಾರೂ’ ಅನ್ನುವುದನ್ನೇ ಬಿಟ್ಟುಬಿಡಿ. ಅಲ್ಲಿ ನಿಜವಾಗಿ ಇದ್ದವರ ಹೆಸರು ಬರೆಯಿರಿ, ಅವರ ಸರದಿಯನ್ನು ಖಾಲಿ ಬಿಡಿ.

ನೆಂಟರು:
ಪುರೋಹಿತರು:
ತೊಟ್ಟಿಲಲ್ಲಿರುವ ಮಗು:
ಚಿಕ್ಕಪ್ಪ: ಒಂದಿಂಚು ಇಪ್ಪತ್ತು ಸೆಂಟ್ಸ್.

ಇಲ್ಲಿ ಇಲ್ಲ ಅನ್ನುವ ಪದವೇ ಬೇಕಾಗಲಿಲ್ಲ. ಮನೆ ತುಂಬ ಜನ ಇದ್ದಾರೆ, ಎಲ್ಲರೂ ಸುಮ್ನೆ ಇದ್ದಾರೆ. ನಾಮಕರಣ ಅಂತ ಎಲ್ಲೂ ಬರೆದಿಲ್ಲ, ಆದರೂ ಗೊತ್ತಾಯಿತು. ಖಾಲಿ ಸಾಲುಗಳೇ ಜಾಗವನ್ನು ತೋರಿಸಿದವು. ಮೂರು ಖಾಲಿ ಸಾಲಾದರೂ ಕಣ್ಣು ಹಾರುವುದಿಲ್ಲ, ಯಾಕೆಂದರೆ ಪ್ರತಿ ಹೆಸರೂ ಒಂದು ಹೊಸ ಸಂಗತಿ ಹೇಳುತ್ತಿದೆ. ಸಣ್ಣ ಮಗುವಿಗೂ ಮಾತಾಡುವ ಸರದಿ ಕೊಟ್ಟಿದ್ದೇವೆ, ಅದೂ ಕೇಳಲಿಲ್ಲ.

ಒಂದು ಮಾತು ಸೇರಿಸುತ್ತೇನೆ. ಆಡುವ ಕನ್ನಡದಲ್ಲಿ ಇದರ ನೆಂಟ ಮೊದಲೇ ಇತ್ತು. ‘ಮಳೆ ಇಲ್ಲ, ಗಾಳಿ ಇಲ್ಲ, ಕರೆಂಟ್ ಹೋಯ್ತು.’ ಈ ಮಾತನ್ನು ಈ ಜಿಲ್ಲೆಯಲ್ಲಿ ಹೇಳದವರು ಇರಲಿಕ್ಕಿಲ್ಲ. ‘ಹೇಳಲಿಲ್ಲ, ಕೇಳಲಿಲ್ಲ, ಬಂದೇಬಿಟ್ಟ’ ಅನ್ನುವುದೂ ಹಾಗೇ. ಎರಡು ‘ಇಲ್ಲ’, ಆಮೇಲೆ ಒಂದು ಆಗಿದ್ದು. ಎರಡೂ ಇಲ್ಲಗಳು ಗಿಡ್ಡ, ಒಂದೇ ಅಳತೆ. ಮೂರನೆಯದು ಅವುಗಳ ಮೇಲೆ ಬಂದು ಬೀಳುತ್ತದೆ. ಮೂರು ಬಡಿತದ ಈ ಲಯ ನಮ್ಮ ಕಿವಿಯಲ್ಲಿ ಮೊದಲೇ ಇದ್ದದ್ದರಿಂದ ಇಂಗ್ಲಿಷ್ ಮೀಮ್ ಕಂಡ ಕೂಡಲೇ ನಮಗೆ ಒಗ್ಗಿತು ಅಂತ ನಾನು ನಂಬುತ್ತೇನೆ. ಒಂದೇ ವ್ಯತ್ಯಾಸ. ಮಳೆ ಇಲ್ಲ, ಗಾಳಿ ಇಲ್ಲ ಅಂದಾಗ ನಾವು ಕಾರಣ ಇಲ್ಲ ಅಂತ ಬಾಯಿಬಿಟ್ಟು ಹೇಳುತ್ತೇವೆ. ಮೀಮ್‌ನಲ್ಲಿ ಕಾರಣಕ್ಕೆ ಜಾಗ ಮಾಡಿ, ಜಾಗವನ್ನು ಖಾಲಿ ಬಿಡುತ್ತೇವೆ.

ಇಷ್ಟು ಇಟ್ಟುಕೊಂಡು ಎರಡನೇ ಅಚ್ಚಿಗೆ ಬರುತ್ತೇನೆ. ಮೀ ವೆನ್. ಮೇಲೆ ಒಂದು ಸಾಲು, ಕೆಳಗೆ ಒಂದು ಚಿತ್ರ. ‘ಮೀ ವೆನ್ ಅಮ್ಮ ಫೋನ್ ಎತ್ತಲಿಲ್ಲ’ ಅಂತ ನಮ್ಮ ಹುಡುಗರು ಅರ್ಧ ಅದು ಅರ್ಧ ಇದು ಬರೆದು, ಕೆಳಗೆ ಕಣ್ಣು ಅರಳಿಸಿದ ಬೆಕ್ಕಿನ ಚಿತ್ರ ಹಾಕುತ್ತಾರೆ. ಇದಕ್ಕೂ ಹಿಂದೆ ‘ಮೈ ಫೇಸ್ ವೆನ್’, ‘ದಟ್ ಫೀಲ್ ವೆನ್’ ಅಂತ ಇದ್ದವು. ಆ ಮುಖ, ಭಾವನೆ ಅನ್ನುವ ಪದಗಳು ಇಲ್ಲಿ ಇಲ್ಲ, ನಾನು ಅನ್ನುವುದಷ್ಟೇ ಇದೆ.

ವ್ಯಾಕರಣ ಓದಿದವರಿಗೆ ಒಂದು ವಿಷಯ ಹೊಳೆಯಬೇಕು. ವೆನ್ ಅಂತ ಶುರುವಾದ ಮಾತು ಅಧೀನ ವಾಕ್ಯ. ಅದು ಒಂದೇ ನಿಲ್ಲುವುದಿಲ್ಲ. ‘ಅಮ್ಮ ಫೋನ್ ಎತ್ತದಿದ್ದಾಗ’ ಅಂದರೆ, ಎತ್ತದಿದ್ದಾಗ ಏನಾಯಿತು? ಪ್ರಧಾನ ವಾಕ್ಯ ಎಲ್ಲಿ? ಬಾರ್ಬರಾ ಡ್ಯಾನ್ಸಿಗಿಯರ್ ಮತ್ತು ಲೀವನ್ ವ್ಯಾಂಡೆಲಾನಟ್ ಅನ್ನುವ ಇಬ್ಬರು ಭಾಷಾಶಾಸ್ತ್ರಜ್ಞರು 2017ರ ಒಂದು ಲೇಖನದಲ್ಲಿ ಇಂಥ ಮೀಮ್‌ಗಳನ್ನು ಬಿಡಿಸಿ ನೋಡಿದ್ದಾರೆ. ಅವರು ತೋರಿಸುವುದು ಇದನ್ನೇ. ಇಲ್ಲಿ ಪ್ರಧಾನ ವಾಕ್ಯದ ಜಾಗದಲ್ಲಿ ಚಿತ್ರ ಕೂತಿದೆ. ಮಾತು ಅರ್ಧಕ್ಕೆ ನಿಂತಿತು, ಚಿತ್ರ ಮುಗಿಸಿತು.

ಇದು ಗೊತ್ತಾದರೆ ಸಾಲು ಹೇಗೆ ಬರೆಯಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಚಿತ್ರ ಹೇಳಬೇಕಾದ್ದನ್ನು ಸಾಲು ಹೇಳಬಾರದು. ‘ಅಮ್ಮ ಫೋನ್ ಎತ್ತದೆ ಗಾಬರಿಯಾದಾಗ ನಾನು’ ಅಂತ ಬರೆದರೆ ಬೆಕ್ಕಿನ ಕಣ್ಣಿಗೆ ಕೆಲಸ ಉಳಿಯಲಿಲ್ಲ. ಸಾಲಿನಲ್ಲಿ ಸಂದರ್ಭ ಮಾತ್ರ ಇರಲಿ. ಸಿಟ್ಟು, ಗಾಬರಿ, ನಾಚಿಕೆ ಅನ್ನುವ ಭಾವದ ಪದ ಕಂಡರೆ ಹೊಡೆದು ಹಾಕಿ. ನಾನು ತಿದ್ದಿದ ಅಭ್ಯಾಸಗಳಲ್ಲಿ ಜಾಸ್ತಿ ಕಂಡ ತಪ್ಪು ಇದೇ.

ಇನ್ನು ನಾನು ಅನ್ನುವ ಪದ. ಚಿತ್ರದಲ್ಲಿ ನಾನಿಲ್ಲ, ಬೆಕ್ಕು ಇದೆ. ಆದರೆ ಸಾಲು ಇದು ನಾನೇ ಅನ್ನುತ್ತದೆ. ನನಗೂ ಬೆಕ್ಕಿಗೂ ಇರುವ ದೂರವನ್ನು ಓದುವವರು ಒಂದೇ ಜಿಗಿತಕ್ಕೆ ದಾಟಬೇಕು. ದೂರ ತೀರಾ ಕಡಿಮೆ ಆದರೆ, ಅಂದರೆ ನಿಜವಾಗಿ ಅಳುತ್ತಿರುವ ಹುಡುಗಿಯ ಫೋಟೋ ಹಾಕಿದರೆ, ನಗು ಬರುವುದಿಲ್ಲ, ಪಾಪ ಅನ್ನಿಸುತ್ತದೆ.

ಕನ್ನಡದಲ್ಲಿ ಈ ಅಚ್ಚು ನೋಬಡಿಯ ಹಾಗೆ ಕಷ್ಟ ಕೊಡುವುದಿಲ್ಲ. ಇಂಗ್ಲಿಷಿಗಿಂತ ಚೆನ್ನಾಗಿ ಕೂರುತ್ತದೆ ಅಂತಲೇ ನಾನು ಹೇಳುತ್ತೇನೆ. ಇಂಗ್ಲಿಷಿನಲ್ಲಿ ಮೀ ಮೊದಲು ಬರುತ್ತದೆ, ಆಮೇಲೆ ಉದ್ದದ ಸಂದರ್ಭ, ಆಮೇಲೆ ಚಿತ್ರ. ನಾನು ಒಂದು ತುದಿ, ಚಿತ್ರ ಇನ್ನೊಂದು ತುದಿ. ಕನ್ನಡದಲ್ಲಿ ‘ಅಮ್ಮ ಫೋನ್ ಎತ್ತದಿದ್ದಾಗ ನಾನು’. ನಾನು ಕೊನೆಗೆ ಬಂದು ಚಿತ್ರದ ತಲೆಯ ಮೇಲೆಯೇ ಕೂರುತ್ತದೆ. ಬೆರಳು ಮಾಡಿ ತೋರಿಸಿದ ಹಾಗೆ. ಇದನ್ನು ಬಿಟ್ಟು ‘ನಾನು ಯಾವಾಗ ಅಮ್ಮ ಫೋನ್ ಎತ್ತಲಿಲ್ಲ’ ಅಂತ ಬರೆಯುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ‘ಯಾವಾಗ’ ಅಂದರೆ ನಮಗೆ ಪ್ರಶ್ನೆ.

ಕೊನೆಗೆ ಏನು ಬರುತ್ತದೆ ಅನ್ನುವುದು ಕನ್ನಡದಲ್ಲಿ ಇನ್ನೂ ಒಂದು ಕಾರಣಕ್ಕೆ ಮುಖ್ಯ. ಇಲ್ಲಿನ ಬಸ್ ಸ್ಟ್ಯಾಂಡಿನ ಉದಾಹರಣೆ ತೆಗೆದುಕೊಳ್ಳಿ. ನೀವು ಬೇಲೂರಿಗೆ ಹೋಗಬೇಕು.

ನೂಕಿಕೊಂಡು ಹತ್ತಿ, ಕಿಟಕಿ ಪಕ್ಕ ಸೀಟು ಹಿಡಿದು, ಬ್ಯಾಗು ಮೇಲಿಟ್ಟ ಮೇಲೆ ಬೇಲೂರಿನ ಬೋರ್ಡು ಪಕ್ಕದ ಬಸ್ಸಿನಲ್ಲಿ ಕಂಡಾಗ ನಾನು

ಇದನ್ನೇ ಇನ್ನೊಬ್ಬರು ಹೀಗೆ ಬರೆದಿದ್ದರು.

ಬೇಲೂರಿನ ಬೋರ್ಡು ಪಕ್ಕದ ಬಸ್ಸಿನಲ್ಲಿ ಇರುವುದು, ನೂಕಿಕೊಂಡು ಹತ್ತಿ ಸೀಟು ಹಿಡಿದು ಬ್ಯಾಗು ಮೇಲಿಟ್ಟ ಮೇಲೆ ಕಂಡಾಗ ನಾನು

ಪದಗಳು ಹೆಚ್ಚು ಕಮ್ಮಿ ಅವೇ. ಎರಡನೆಯದರಲ್ಲಿ ಗುಟ್ಟು ಮೊದಲೇ ಬಿಟ್ಟುಕೊಟ್ಟಾಗಿದೆ. ಆಮೇಲಿನ ಸೀಟು, ಬ್ಯಾಗು ಎಲ್ಲ ಬರೀ ಭಾರ. ಮೊದಲನೆಯದರಲ್ಲಿ ಕೆಲಸ ಒಂದೊಂದೇ ಕೂಡಿಬರುತ್ತದೆ. ಹತ್ತಿ, ಹಿಡಿದು, ಇಟ್ಟ ಮೇಲೆ. ಈ ‘ಇ’ಕಾರ, ‘ದು’ಗಳ ಸರಪಳಿ ಕನ್ನಡದ ದೊಡ್ಡ ಸೌಲಭ್ಯ. ವಾಕ್ಯ ಮುಗಿಸದೆ ಓದುವವರನ್ನು ಮುಂದೆ ಮುಂದೆ ಕರೆದುಕೊಂಡು ಹೋಗಬಹುದು. ಪಕ್ಕದ ಬಸ್ಸು ‘ಕಂಡಾಗ’ ಅನ್ನುವುದಕ್ಕೆ ಅಂಟಿಕೊಂಡಿರಬೇಕು. ಅಲ್ಲಿಂದ ಒಂದೇ ಹೆಜ್ಜೆಗೆ ನಾನು, ಅಲ್ಲಿಂದ ಚಿತ್ರ.

ಇಂಗ್ಲಿಷಿನ ವೆನ್‌ಗೆ ಇಲ್ಲದ ಒಂದು ಸೂಕ್ಷ್ಮವೂ ನಮ್ಮಲ್ಲಿದೆ. ‘ಅಪ್ಪ ಬೈಯುವಾಗ ನಾನು’ ಮತ್ತು ‘ಅಪ್ಪ ಬೈದಾಗ ನಾನು’. ಎರಡಕ್ಕೂ ಒಂದೇ ಚಿತ್ರ ಹಾಕುವುದಕ್ಕಾಗುತ್ತದಾ? ಬೈಯುವಾಗ ಅಂದರೆ ಬೈಗುಳ ನಡೆಯುತ್ತಿದೆ. ಚಿತ್ರದಲ್ಲಿ ನೆಲ ನೋಡುತ್ತಾ ನಿಂತ ನಾಯಿ ಇರಬೇಕು. ಬೈದಾಗ ಅಂದರೆ ಬೈಗುಳ ಬಿದ್ದಿದೆ. ಮಂಚದ ಕೆಳಗೆ ಸೇರಿಕೊಂಡ ನಾಯಿ ಇರಬಹುದು, ಊಟದ ತಟ್ಟೆಗೆ ಬೆನ್ನು ಹಾಕಿದ ನಾಯಿ ಇರಬಹುದು. ಚಿತ್ರ ಆರಿಸುವ ಮೊದಲು ‘ವಾಗ’ ಬೇಕಾ ‘ದಾಗ’ ಬೇಕಾ ಅಂತ ಯೋಚಿಸಿ. ಸಾಲು ಚೆನ್ನಾಗಿದ್ದು, ಚಿತ್ರವೂ ಚೆನ್ನಾಗಿದ್ದು, ಜೊತೆಯಾಗಿ ಸಪ್ಪೆ ಅನ್ನಿಸಿದರೆ ಹಲವು ಸಲ ತಪ್ಪು ಇಲ್ಲೇ ಇರುತ್ತದೆ.

ಈಗ ಎರಡೂ ಅಚ್ಚುಗಳನ್ನು ಪಕ್ಕಪಕ್ಕ ಇಡಿ. ಮೀ ವೆನ್‌ನಲ್ಲಿ ಕಾರಣ ಬರೆದಿದೆ, ಅದಕ್ಕೆ ಆದ ಪ್ರತಿಕ್ರಿಯೆಯನ್ನು ಮಾತಿನಲ್ಲಿ ಹೇಳದೆ ಬಿಟ್ಟಿದೆ. ನೋಬಡಿಯಲ್ಲಿ ಪ್ರತಿಕ್ರಿಯೆ ಬರೆದಿದೆ, ಕಾರಣದ ಜಾಗ ಖಾಲಿ. ಎರಡರಲ್ಲೂ ಒಂದೊಂದು ಖಾಲಿ ಜಾಗ ಇದೆ, ಆದರೆ ಎದುರುಬದುರು ತುದಿಯಲ್ಲಿದೆ. ಒಂದನ್ನು ಚಿತ್ರ ತುಂಬುತ್ತದೆ. ಇನ್ನೊಂದನ್ನು ತುಂಬಲೇಬಾರದು.

ಇದರಿಂದಲೇ ಎರಡನ್ನೂ ಸೇರಿಸಿದರೆ ಕೆಡುತ್ತದೆ. ಹೀಗೆ ಬಹಳ ಜನ ಬರೆಯುತ್ತಾರೆ.

ನೋಬಡಿ:
ಆಬ್ಸಲ್ಯೂಟ್ಲಿ ನೋಬಡಿ:
ಮಳೆ ಬಂದಾಗ ಚಿಕ್ಕಪ್ಪ: (ರೇನ್ ಗೇಜ್ ಹಿಡಿದು ಓಡುವ ಮನುಷ್ಯನ ಚಿತ್ರ)

ಮೇಲಿನ ಎರಡು ಸಾಲು ಕಾರಣವೇ ಇಲ್ಲ ಅನ್ನುತ್ತವೆ. ಮೂರನೆಯದು ಮಳೆ ಬಂತು ಅನ್ನುವ ಕಾರಣ ಕೊಡುತ್ತದೆ. ಒಂದು ಕೈ ಕಟ್ಟಿದ್ದನ್ನು ಇನ್ನೊಂದು ಕೈ ಬಿಚ್ಚಿತು. ಇಂಥದ್ದು ಕಂಡರೆ ತಿದ್ದುವುದು ಸುಲಭ. ನೀವು ನಗುತ್ತಿರುವುದು ಯಾವುದಕ್ಕೆ ಅಂತ ಕೇಳಿಕೊಳ್ಳಿ. ಅವರು ಮಳೆಗೆ ಅಷ್ಟು ಸಂಭ್ರಮಪಡುವುದಕ್ಕಾದರೆ ‘ಮಳೆ ಬಂದಾಗ ಚಿಕ್ಕಪ್ಪ’ ಅಂತ ಬರೆದು ಚಿತ್ರ ಇಡಿ, ಮೇಲಿನ ಎರಡು ಸಾಲು ತೆಗೆಯಿರಿ. ಕೇಳದೆ ಹೇಳುವುದಕ್ಕಾದರೆ ಮಳೆ ಬಂದಾಗ ಅನ್ನುವುದನ್ನು ತೆಗೆದು, ಅವರ ಬಾಯಲ್ಲಿ ಆ ಅಂಕಿ ಇಡಿ. ಒಂದೇ ಮನುಷ್ಯ, ಒಂದೇ ಮಳೆ, ಆದರೆ ಅವು ಎರಡು ಬೇರೆ ನಗು.

ಚಿಕ್ಕಪ್ಪನಿಂದ ಶುರುಮಾಡಿದ್ದೆ, ಅವರ ಇನ್ನೊಂದು ದಿನ ಹೇಳುತ್ತೇನೆ. ಕಾಫಿಗೆ ಹೂಮಳೆ ಎಷ್ಟು ಮುಖ್ಯ ಅನ್ನುವುದು ತೋಟದವರಿಗೆ ಗೊತ್ತು. ಫೆಬ್ರವರಿ, ಮಾರ್ಚ್ ಹೊತ್ತಿಗೆ ಬರುವ ಒಂದು ಒಳ್ಳೆಯ ಮಳೆಗೆ ಹೂ ಅರಳುತ್ತದೆ. ಅದಾದ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬಿದ್ದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ. ಒಂದು ವರ್ಷ ಹೂಮಳೆಗೆ ಕಾದು ಕಾದು ಎಲ್ಲರಿಗೂ ಸಾಕಾಗಿತ್ತು. ಕೊನೆಗೆ ಒಂದು ರಾತ್ರಿ ಹೊಯ್ಯಿತು. ಬೆಳಿಗ್ಗೆ ಆರಕ್ಕೆಲ್ಲ ಮನೆಯ ಗುಂಪಿನಲ್ಲಿ ಎಲ್ಲರೂ ಕೇಳತೊಡಗಿದರು. ಬೆಂಗಳೂರಲ್ಲಿರುವ ಅತ್ತೆ ಕೇಳಿದರು, ಮೈಸೂರಲ್ಲಿ ಓದುವ ಹುಡುಗರು ಕೇಳಿದರು. ಮಳೆ ಲೆಕ್ಕ ಯಾವತ್ತೂ ಕೇಳದ ನನ್ನ ಅಮ್ಮನೂ ಕೇಳಿದರು. ಎಂಟಾದರೂ ಚಿಕ್ಕಪ್ಪನಿಂದ ಉತ್ತರ ಇಲ್ಲ. ರಾತ್ರಿ ತೋಟದ ನಾಯಿ ರೇನ್ ಗೇಜನ್ನು ಉರುಳಿಸಿತ್ತು.

ಆಗ ತಂಗಿ ಮತ್ತೆ ಬರೆದಳು. ಅವಳಿಗೆ ಯಾರೂ ಈ ಪಾಠ ಹೇಳಿಕೊಟ್ಟಿರಲಿಲ್ಲ.

ಅತ್ತೆ: ಎಷ್ಟು ಬಂತು?
ಹುಡುಗರು: ಎಷ್ಟು ಬಂತು?
ಇಡೀ ಮನೆ: ಎಷ್ಟು ಬಂತು?
ಚಿಕ್ಕಪ್ಪ: